ಮಗು ಬೆಳೆಯುತ್ತಿಲ್ಲ ಅಂದಾಗ ನಾನು ಮೊದಲು ನೋಡುವುದು

ಮಗು ಗಿಡ್ಡ ಅಂತ ಯಾರಾದರೂ ಕರೆದುಕೊಂಡು ಬಂದರೆ ನಾನು ಮೊದಲು ಕೇಳುವುದು ಹಳೆಯ ಅಳತೆಗಳನ್ನು. ಇವತ್ತಿನ ಎತ್ತರ ಒಂದೇ ನೋಡಿದರೆ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷ ದಾಟಿದ ಮೇಲೆ ಮೈನೆರೆಯುವ ತನಕ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತದೆ. 4 ಸೆಂ.ಮೀ.ಗಿಂತ ಕಡಿಮೆ ಆದರೆ ಕಾರಣ ಹುಡುಕಲೇಬೇಕು.

ಒಂಬತ್ತು ವರ್ಷದ ಒಬ್ಬ ಹುಡುಗಿಯ ಶಾಲೆಯ ಕಾರ್ಡಿನಲ್ಲಿ ಹೀಗಿತ್ತು: 6ನೇ ವರ್ಷಕ್ಕೆ 114, 7ಕ್ಕೆ 119.5, 8ಕ್ಕೆ 122.5. ನಾನು ಅಳೆದಾಗ 124.5. ತರಗತಿಯಲ್ಲಿ ಅವಳೇನೂ ಎಲ್ಲರಿಗಿಂತ ಗಿಡ್ಡ ಅಲ್ಲ. ಆದರೆ ಕೊನೆಯ ವರ್ಷ ಬೆಳೆದದ್ದು ಬರೀ 2 ಸೆಂ.ಮೀ. ತೂಕ ಮಾತ್ರ ಏರುತ್ತಲೇ ಇತ್ತು. ಊಟ ಸಾಲದೆ ಬೆಳವಣಿಗೆ ನಿಂತ ಮಗುವಿನಲ್ಲಿ ಸಾಮಾನ್ಯವಾಗಿ ತೂಕ ಮೊದಲು ಇಳಿಯುತ್ತದೆ. ಎತ್ತರ ನಿಂತು ತೂಕ ಏರಿದರೆ ನನ್ನ ಅನುಮಾನ ಹಾರ್ಮೋನಿನ ಕಡೆಗೆ ತಿರುಗುತ್ತದೆ.

ತಾಯಿಯ ಕೈಯಲ್ಲಿ ಒಂದು ರಿಪೋರ್ಟ್ ಇತ್ತು. ಅದರಲ್ಲಿ ಗ್ರೋತ್ ಹಾರ್ಮೋನಿನ ಕೆಲಸವನ್ನು ತೋರಿಸುವ ಐಜಿಎಫ್-1 ಎಂಬ ರಕ್ತದ ಅಂಶ ಕಡಿಮೆ. "ಡಾಕ್ಟ್ರೇ, ಗ್ರೋತ್ ಹಾರ್ಮೋನ್ ಇಂಜೆಕ್ಷನ್ ಶುರು ಮಾಡಬೇಕಾ?" ಅಂತ ಕೇಳಿದರು. ಅವಳಿಗೆ ಮಲಬದ್ಧತೆ ಇದೆಯಾ, ಚಳಿ ಜಾಸ್ತಿ ಆಗುತ್ತಾ ಅಂತ ನಾನು ಕೇಳಿದೆ. ಎರಡೂ ಹೌದು. ಚರ್ಮವೂ ಒಣಗಿತ್ತು. ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಟಿಎಸ್‌ಎಚ್ 100 ದಾಟಿತ್ತು, ಆ ಗ್ರಂಥಿಯ ಹಾರ್ಮೋನ್ ಆದ ಫ್ರೀ ಟಿ4 ತುಂಬಾ ಕಡಿಮೆ. ಅಂದರೆ ಥೈರಾಯ್ಡ್ ಸೋತಿತ್ತು. ಕೈಯ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಆರೂವರೆ.

ಹಾಗಾದರೆ ಐಜಿಎಫ್-1 ಯಾಕೆ ಕಡಿಮೆ? ಗ್ರೋತ್ ಹಾರ್ಮೋನ್ ಲಿವರ್‌ನಲ್ಲೂ ಮೂಳೆಯ ತುದಿಯ ಬೆಳವಣಿಗೆ ಪದರದಲ್ಲೂ ಐಜಿಎಫ್-1 ತಯಾರಾಗುವಂತೆ ಮಾಡುತ್ತದೆ. ಥೈರಾಯ್ಡ್ ಹಾರ್ಮೋನ್ ಆ ಪದರವನ್ನು ನೇರವಾಗಿ ಮಾಗಿಸುತ್ತದೆ. ಜೊತೆಗೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸಾಕಷ್ಟು ಗ್ರೋತ್ ಹಾರ್ಮೋನ್ ಮಾಡುವುದಕ್ಕೂ ಅದೇ ಬೇಕು. ಥೈರಾಯ್ಡ್ ಸೋತರೆ ಗ್ರೋತ್ ಹಾರ್ಮೋನ್ ಪರೀಕ್ಷೆಯೂ ಸೋತ ಹಾಗೆ ಕಾಣುತ್ತದೆ. ಅದಕ್ಕೇ ನಾನು ಥೈರಾಯ್ಡ್ ಸರಿಹೋಗುವ ತನಕ ಆ ಪರೀಕ್ಷೆಗೆ ಕೈ ಹಾಕುವುದಿಲ್ಲ. ಇವಳಿಗೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಹಾರ್ಮೋನಿನ ಲಿವೋಥೈರಾಕ್ಸಿನ್ ಮಾತ್ರೆ ಕೊಟ್ಟೆವು. ಮುಂದಿನ ವರ್ಷ 9 ಸೆಂ.ಮೀ. ಬೆಳೆದಳು. ಐಜಿಎಫ್-1 ತಾನಾಗಿಯೇ ಮೇಲೆ ಬಂತು.

ಥೈರಾಯ್ಡ್ ಸರಿ ಇದ್ದು, ಬೇರೆ ಕಾಯಿಲೆ ಇಲ್ಲದೆ, ವೇಗ ಮಾತ್ರ ಕುಸಿದಿದ್ದರೆ ಆಗ ಗ್ರೋತ್ ಹಾರ್ಮೋನ್ ಕೊರತೆಯ ಬಗ್ಗೆ ಯೋಚಿಸುತ್ತೇನೆ. ಸುಮ್ನೆ ಹಗಲಲ್ಲಿ ಒಮ್ಮೆ ರಕ್ತ ತೆಗೆದು ಆ ಹಾರ್ಮೋನ್ ಅಳೆದರೆ ಉಪಯೋಗವಿಲ್ಲ. ಅದು ಅಲೆ ಅಲೆಯಾಗಿ, ಹೆಚ್ಚಾಗಿ ರಾತ್ರಿ ನಿದ್ದೆಯಲ್ಲಿ ಬರುತ್ತದೆ. ಕ್ಲೋನಿಡಿನ್‌ನಂಥ ಔಷಧಿ ಕೊಟ್ಟು, ಅದು ಎಷ್ಟು ಏರುತ್ತದೆ ಅಂತ ಹಲವು ಬಾರಿ ರಕ್ತ ತೆಗೆದು ನೋಡಬೇಕು. ಕೊರತೆ ಖಚಿತವಾದರೆ ಪಿಟ್ಯುಟರಿಯ ಎಂಆರ್‌ಐ ಬೇಕು. ತಲೆನೋವು ಅಥವಾ ದೃಷ್ಟಿಯ ತೊಂದರೆ ಜೊತೆಗಿದ್ದರೆ ಆ ಪರೀಕ್ಷೆಯ ಫಲಿತಾಂಶಕ್ಕೆ ನಾನು ಕಾಯುವುದೇ ಇಲ್ಲ, ಎಂಆರ್‌ಐ ಮೊದಲೇ ಮಾಡಿಸುತ್ತೇನೆ.