ದಿನ ಬಿಟ್ಟು ದಿನ ಬರುವ ಚಳಿಜ್ವರ: ಚಾರ್ಟ್ ನೋಡಿ ರಕ್ತದೊಳಗಿನ ಕಥೆ ಓದುವುದು ಹೇಗೆ?

ಮಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ಜ್ವರದ ಚಾರ್ಟ್ ಹಿಡಿದುಕೊಂಡು ಬರುವವರು ಜಾಸ್ತಿ. ಬೆಳಿಗ್ಗೆ ಒಂದು ಅಂಕಿ, ರಾತ್ರಿ ಒಂದು ಅಂಕಿ. ಮಧ್ಯಾಹ್ನದ ನಡುಕ ಅದರಲ್ಲಿ ಇರುವುದೇ ಇಲ್ಲ. ಇಲ್ಲಿ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾದಲ್ಲಿ ಓದಬೇಕಾದದ್ದೇ ಆ ನಡುಕದ ಹೊತ್ತನ್ನು.

ಹಂತ 1: ಬರೆಯಿರಿ. ನಾಲ್ಕು ಗಂಟೆಗೊಮ್ಮೆ ಥರ್ಮಾಮೀಟರ್ ಇಡಿ. ನಡುಕ ಶುರುವಾದ ಹೊತ್ತು, ಬೆವರಿದ ಹೊತ್ತು, ಪ್ಯಾರಾಸಿಟಮಾಲ್ ನುಂಗಿದ ಹೊತ್ತು ಬರೆದಿಡಿ. ಚಾರ್ಟ್ ತುಂಬಲಿ ಎಂದು ಕಾಯಬೇಡಿ, ರಕ್ತಪರೀಕ್ಷೆ ಅದೇ ದಿನ ಆಗಲಿ.

ಹಂತ 2: ನಡುಕದ ಹೊತ್ತಿನಿಂದ ಲೆಕ್ಕ ಹಾಕಿ. ಸೋಮವಾರ ಮಧ್ಯಾಹ್ನ 2ಕ್ಕೆ ನಡುಕ, 4ಕ್ಕೆ 104 ಡಿಗ್ರಿ, ರಾತ್ರಿ 8ಕ್ಕೆ ಮೈಯೆಲ್ಲ ಬೆವರು. ಮಂಗಳವಾರ ಆರಾಮ. ಬುಧವಾರ ಮಧ್ಯಾಹ್ನ ಮತ್ತೆ ನಡುಕ. ಈ 48 ಗಂಟೆಯಲ್ಲಿ ಏನಾಯಿತು?

ಸೋಮವಾರ ಸಿಡಿದ ಕೆಂಪು ರಕ್ತಕಣಗಳಿಂದ ಮಲೇರಿಯಾದ ಮರಿ ಪರಾವಲಂಬಿಗಳು ಹೊರಬಿದ್ದವು. ಒಂದೊಂದು ಮಿಲಿಮೀಟರಿನ ಸಾವಿರದಲ್ಲೊಂದೆರಡು ಭಾಗದಷ್ಟೇ ದೊಡ್ಡದು. ಹೊರಗೆ ಹೆಚ್ಚು ಹೊತ್ತು ಉಳಿದರೆ ಒಳನುಗ್ಗುವ ಶಕ್ತಿಯೇ ಹೋಗುತ್ತದೆ, ಹಾಗಾಗಿ ಅವಸರ. ಮರಿ ಮೊದಲು ಹೇಗೋ ಒಂದು ಬದಿಯಿಂದ ಕಣಕ್ಕೆ ತಾಗುತ್ತದೆ. ಆಮೇಲೆ ಹೊರಳಿ ತನ್ನ ಚೂಪಾದ ತುದಿಯನ್ನು ಕಣದ ಕಡೆ ತಿರುಗಿಸಿಕೊಳ್ಳುತ್ತದೆ. ವೈವಾಕ್ಸ್ ಮುಖ್ಯವಾಗಿ ಹಿಡಿದುಕೊಳ್ಳುವುದು ಕಣದ ಮೇಲಿನ ಡಫಿ ಎಂಬ ಪ್ರೋಟೀನನ್ನು. ಪಶ್ಚಿಮ ಆಫ್ರಿಕಾದ ಹೆಚ್ಚಿನವರ ಕೆಂಪು ಕಣಗಳಲ್ಲಿ ಅದು ಇಲ್ಲ, ಆದ್ದರಿಂದ ಅಲ್ಲಿ ವೈವಾಕ್ಸ್ ಅಪರೂಪ.

ಇನ್ನು ನಿಜವಾದ ಕರಾಮತ್ತು. ಮರಿ ತನ್ನದೇ ಒಂದು ಪ್ರೋಟೀನನ್ನು ಕಣದ ಪೊರೆಗೆ ನೆಟ್ಟು, ಇನ್ನೊಂದು ಪ್ರೋಟೀನಿನಿಂದ ಅದನ್ನೇ ಹಿಡಿದುಕೊಳ್ಳುತ್ತದೆ. ಬೇರೆಯವರ ಗೋಡೆಗೆ ತಾನೇ ಕೊಕ್ಕೆ ಹೊಡೆದು ಹತ್ತುವ ಕಳ್ಳನ ಹಾಗೆ. ಆ ಹಿಡಿತದ ಉಂಗುರ ತುದಿಯಿಂದ ಹಿಂದಕ್ಕೆ ಸರಿಯುತ್ತಾ ಮರಿ ಒಳಗೆ ಜಾರುತ್ತದೆ. ಪೊರೆ ಹರಿಯುವುದಿಲ್ಲ, ಒಳಕ್ಕೆ ಮಡಚಿ ಚೀಲವಾಗಿ ಸುತ್ತಿಕೊಳ್ಳುತ್ತದೆ. ಒಂದೆರಡು ನಿಮಿಷದೊಳಗೆ ಎಲ್ಲ ಮುಗಿಯಿತು.

ಮಂಗಳವಾರ ಆರಾಮ ಅನ್ನಿಸುವಾಗ ಅದು ಹಿಮೋಗ್ಲೋಬಿನ್ ತಿನ್ನುತ್ತಿರುತ್ತದೆ. ಉಳಿಯುವ ಹೀಮ್ ಎಂಬ ಕಬ್ಬಿಣದ ಭಾಗ ಅದಕ್ಕೆ ವಿಷ, ಹಾಗಾಗಿ ಕಂದು ಹರಳು ಮಾಡಿ ಬದಿಗಿಡುತ್ತದೆ. ಮಲೇರಿಯಾದ ಮಾತ್ರೆ ಕ್ಲೋರೊಕ್ವಿನ್ ತಡೆಯುವುದು ಈ ಹರಳು ಮಾಡುವ ಕೆಲಸವನ್ನೇ.

ಬುಧವಾರದ ಹೊತ್ತಿಗೆ ಒಂದು ಕಣದೊಳಗೆ 12ರಿಂದ 24 ಮರಿಗಳು. ಮೊದಲು ಒಳಗಿನ ಚೀಲ ಒಡೆಯುತ್ತದೆ, ಆಮೇಲೆ ಕಣದ ಪೊರೆ ಸಿಡಿದು ಹೊರಕ್ಕೆ ಮಡಚಿಕೊಳ್ಳುತ್ತದೆ. ಮರಿಗಳ ಜತೆ ಹರಳು, ಕಸ ಎಲ್ಲ ರಕ್ತಕ್ಕೆ. ಬಿಳಿ ರಕ್ತಕಣಗಳು ಅದನ್ನು ಕಂಡು ಸೈಟೊಕೈನ್ ಎಂಬ ಸಂಕೇತದ ಪ್ರೋಟೀನ್ ಬಿಡುತ್ತವೆ, ಮೆದುಳು ಮೈಯ ಬಿಸಿಯ ಮಟ್ಟ ಏರಿಸುತ್ತದೆ. ಆ ಮಟ್ಟ ಮುಟ್ಟುವ ತನಕ ಮೈಗೆ ಚಳಿ, ನಡುಕ. ಸಾಕಷ್ಟು ಕಣಗಳು ಒಟ್ಟೊಟ್ಟಿಗೆ ಒಡೆದರೆ ಮಾತ್ರ ಜ್ವರಕ್ಕೆ ಲಯ ಬರುತ್ತದೆ. ಶುರುವಿನ ದಿನಗಳಲ್ಲಿ ಗುಂಪುಗಳು ಬೇರೆ ಬೇರೆ ಹೊತ್ತಿಗೆ ಒಡೆಯುವುದರಿಂದ ದಿನಾ ಜ್ವರ ಬರಬಹುದು. "ದಿನ ಬಿಟ್ಟು ದಿನ ಬರ್ತಿಲ್ಲ, ಹಾಗಾದ್ರೆ ಮಲೇರಿಯಾ ಅಲ್ಲ" ಅನ್ನುವುದು ಶುದ್ಧ ತಪ್ಪು.

ಹಂತ 3: ರಕ್ತ ಕೊಡಿ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ದಪ್ಪ ಲೇಪ, ತೆಳು ಲೇಪ ಎರಡನ್ನೂ ಕೇಳಿ. ಪ್ರತಿಕಾಯ ಮಾತ್ರ ತೋರಿಸುವ ಅಗ್ಗದ ಕಾರ್ಡ್ ಪರೀಕ್ಷೆ ಯಾರಾದರೂ ಕೊಟ್ಟರೆ ಬೇಡ ಅನ್ನಿ, ಹಿಂದೆಂದೋ ಬಂದುಹೋದ ಮಲೇರಿಯಾಕ್ಕೂ ಅದು ಗೆರೆ ಮೂಡಿಸುತ್ತದೆ. ಒಂದು ಸಲ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ಇನ್ನೊಂದು ಮಾತು: ಮಲೇರಿಯಾದ ಇನ್ನೊಂದು ಬಗೆ ಫಾಲ್ಸಿಪಾರಂ ಬಂದಿದ್ದರೆ ಬೆಳೆದ ಪರಾವಲಂಬಿ ಇರುವ ಕಣಗಳು ಸಣ್ಣ ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಲೇಪದಲ್ಲಿ ಕಾಣುವ ಲೆಕ್ಕ ಕಡಿಮೆ ಅಂತ ನೆಮ್ಮದಿ ಪಡಬೇಡಿ.

ಹಂತ 4: ರಕ್ತಹೀನತೆಯ ಲೆಕ್ಕ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣ. ರಿಪೋರ್ಟಿನಲ್ಲಿ 10,000 ಪರಾವಲಂಬಿ ಇದ್ದರೆ ಅದು ಬರೀ ಶೇ 0.2. ವೈವಾಕ್ಸ್ ನುಗ್ಗುವುದು ಎಳೆಯ ಕಣಗಳಿಗೆ, ಅವು ರಕ್ತದಲ್ಲಿ ಇರುವುದೇ ಶೇ 1–2. ಹಾಗಾದರೆ ಹಿಮೋಗ್ಲೋಬಿನ್ 13ರಿಂದ 9ಕ್ಕೆ ಇಳಿಯುವುದು ಹೇಗೆ? ಸಿಡಿಯುವ ಕಣಗಳ ಜತೆಗೆ, ಪರಾವಲಂಬಿ ತಾಗದ ಕಣಗಳನ್ನೂ ಗುಲ್ಮ ಹಿಡಿದು ನಾಶಮಾಡುತ್ತದೆ. ಮೂಳೆಮಜ್ಜೆಯೂ ಹೊಸ ಕಣ ಮಾಡುವುದನ್ನು ನಿಧಾನಿಸುತ್ತದೆ. ಹೀಗಾಗಿ ಪರಾವಲಂಬಿ ಸತ್ತ ಮೇಲೂ ಕೆಲವು ದಿನ ಹಿಮೋಗ್ಲೋಬಿನ್ ಇಳಿಯಬಹುದು. ಜ್ವರದ ನಡುವೆ ಸುಮ್ನೆ ಕಬ್ಬಿಣದ ಟಾನಿಕ್ ಸುರಿದುಕೊಂಡು ಪ್ರಯೋಜನ ಕಡಿಮೆ, ಆ ಹೊತ್ತಿನಲ್ಲಿ ಕರುಳು ಅದನ್ನು ಸರಿಯಾಗಿ ಹೀರುವುದಿಲ್ಲ. ವೈದ್ಯರು ಹೇಳಿದಾಗ ಶುರು ಮಾಡಿ.

ಹಂತ 5: ಮಾತ್ರೆ ಮುಗಿಸಿ. ಕ್ಲೋರೊಕ್ವಿನ್ 3 ದಿನ, ರಕ್ತದಲ್ಲಿರುವ ಪರಾವಲಂಬಿಗೆ. ಪ್ರೈಮಾಕ್ವಿನ್ 14 ದಿನ, ಪಿತ್ತಜನಕಾಂಗದಲ್ಲಿ ಮಲಗಿರುವ ಪರಾವಲಂಬಿಗೆ. ನಾಲ್ಕನೇ ದಿನ ಆರಾಮಾಯಿತೆಂದು ಬಿಟ್ಟರೆ ತಿಂಗಳುಗಳ ನಂತರ ಸೊಳ್ಳೆ ಕಚ್ಚದೆಯೂ ಜ್ವರ ಮರಳಬಹುದು. ಪ್ರೈಮಾಕ್ವಿನ್‌ಗೆ ಮೊದಲು ಜಿ6ಪಿಡಿ ಪರೀಕ್ಷೆ ಮಾಡಿಸಿ, ಆ ಕಿಣ್ವ ಕಡಿಮೆ ಇದ್ದವರಲ್ಲಿ ಈ ಮಾತ್ರೆಯೇ ಕೆಂಪು ಕಣ ಒಡೆಯುತ್ತದೆ. ಮಾತ್ರೆ ತಗೊಳ್ಳುವಾಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಬೇಡವೇ ಬೇಡ.