ಕುದುರೆಗಳಿಂದ ಯುದ್ಧವೋ, ಕುದುರೆ ಕಳಿಸಿ ಯುದ್ಧವೋ: ಲ್ಯಾಟಿನ್‌ನ ಅಬ್ಲೇಟಿವ್ ಅಬ್ಸೊಲ್ಯೂಟ್ ನನಗೆ ಸಿಕ್ಕಿದ್ದು ಹೀಗೆ

ಲ್ಯಾಟಿನ್ ಕಲಿಯಲು ಶುರುಮಾಡಿ ಒಂದು ವರ್ಷವಾದ ಮೇಲೆ ಸೀಸರನ ಗಾಲ್ ಯುದ್ಧದ ಕಥನಕ್ಕೆ ಕೈಹಾಕಿದೆ. ಮೊದಲ ಭಾಗದ 25ನೇ ಅಧ್ಯಾಯದವರೆಗೆ ಹೇಗೋ ಬಂದೆ. ಅಲ್ಲಿ 'ರೆಮೋತೀಸ್ ಎಕ್ವೀಸ್' ಎಂಬ ಎರಡು ಪದ ಸಿಕ್ಕಿತು. ನೋಟ್‌ಬುಕ್‌ನಲ್ಲಿ 'ದೂರ ಸರಿಸಿದ ಕುದುರೆಗಳಿಂದ ಸೀಸರ್ ಯುದ್ಧ ಶುರುಮಾಡಿದ' ಎಂದು ಬರೆದೆ. ಎರಡು ಸಲ ಓದಿದೆ. ದೂರ ಕಳಿಸಿದ ಕುದುರೆಗಳಿಂದ ಯಾರಾದರೂ ಯುದ್ಧ ಮಾಡುತ್ತಾರಾ?

ತಪ್ಪು ಎಲ್ಲಿತ್ತು ಎಂದು ತಿಳಿಯಲು ವಾರಗಳೇ ಬೇಕಾದವು. ಪಾಠದ ಪುಸ್ತಕದಲ್ಲಿ ಅಬ್ಲೇಟಿವ್ ವಿಭಕ್ತಿ ಎಂದರೆ 'ಇಂದ' ಎಂದು ಕಲಿತಿದ್ದೆ. ಅದು ಅರ್ಧ ಸತ್ಯ. ಲ್ಯಾಟಿನ್‌ನಲ್ಲಿ ಮೂರು ಹಳೆಯ ವಿಭಕ್ತಿಗಳು ಸೇರಿ ಒಂದಾಗಿವೆ. ಕತ್ತಿಯಿಂದ ಎಂಬ ತೃತೀಯೆ, ಊರಿನ ದೆಸೆಯಿಂದ ಎಂಬ ಪಂಚಮಿ, ಜಾಗದಲ್ಲಿ ಎಂಬ ಸಪ್ತಮಿ, ಮೂರಕ್ಕೂ ಅಲ್ಲಿ ಹೆಚ್ಚುಕಡಿಮೆ ಅದೇ ರೂಪ. ಇದರ ಮೇಲೆ ನಾಲ್ಕನೆಯ ಕೆಲಸವೊಂದಿದೆ. ಒಂದು ನಾಮಪದ, ಅದರ ಜೊತೆ ಕ್ರಿಯೆಯಿಂದ ಹುಟ್ಟಿದ ಪದವಾದ ಒಂದು ಕೃದಂತ, ಎರಡೂ ಅಬ್ಲೇಟಿವ್‌ನಲ್ಲಿ ನಿಂತು ಒಂದು ಪುಟ್ಟ ವಾಕ್ಯದ ಕೆಲಸ ಮಾಡುತ್ತವೆ. ಇದೇ ಅಬ್ಲೇಟಿವ್ ಅಬ್ಸೊಲ್ಯೂಟ್. ಅಬ್ಸೊಲೂತುಸ್ ಎಂದರೆ ಬಿಡಿಸಿಟ್ಟದ್ದು. ಉಳಿದ ವಾಕ್ಯದ ಹಗ್ಗಕ್ಕೆ ಅದನ್ನು ಕಟ್ಟಿಲ್ಲ.

ಹೈಸ್ಕೂಲಿನಲ್ಲಿ ಸಂಸ್ಕೃತ ಓದಿದವರಿಗೆ ಸತಿ ಸಪ್ತಮಿ ನೆನಪಿರುತ್ತದೆ ಅಲ್ವಾ? 'ಗೋಷು ದುಹ್ಯಮಾನಾಸು ಗತಃ', ಹಸುಗಳ ಹಾಲು ಕರೆಯುತ್ತಿದ್ದಾಗ ಹೋದ. 'ದುಗ್ಧಾಸು ಆಗತಃ', ಕರೆದಾದ ಮೇಲೆ ಬಂದ. ಲ್ಯಾಟಿನ್‌ನಲ್ಲೂ ಲೆಕ್ಕ ಹೀಗೇ. ವರ್ತಮಾನ ಕೃದಂತವಿದ್ದರೆ ಎರಡು ಕೆಲಸವೂ ಒಟ್ಟಿಗೆ ನಡೆಯುತ್ತಿವೆ. ಭೂತ ಕೃದಂತವಿದ್ದರೆ ಆ ಕೆಲಸ ಮೊದಲೇ ಮುಗಿದಿದೆ. ಸಂಸ್ಕೃತ ಸಪ್ತಮಿಯನ್ನು ಆರಿಸಿಕೊಂಡಿತು, ಲ್ಯಾಟಿನ್ ಅಬ್ಲೇಟಿವ್ ಅನ್ನು.

ಆದರೆ ನನಗೆ ಜಾಸ್ತಿ ನೆರವಾದದ್ದು ಕನ್ನಡವೇ. ಅದನ್ನು ಹೇಳುವ ಮೊದಲು ಆ ಅಧ್ಯಾಯದ ಮೂರು ವಾಕ್ಯಗಳನ್ನು ಪೂರ್ತಿ ಕೊಡುತ್ತೇನೆ. ಕ್ರಿ.ಪೂ. 58ರಲ್ಲಿ ಬಿಬ್ರಾಕ್ಟೆ ಊರಿನ ಹತ್ತಿರ ಹೆಲ್ವೇಶಿಯನ್ ಬುಡಕಟ್ಟಿನವರ ಎದುರು ನಡೆದ ಯುದ್ಧ ಇದು.

'ಕೈಸರ್ ಪ್ರೀಮುಮ್ ಸುವೋ, ದೆಇಂದೆ ಒಮ್ನಿಯುಮ್ ಎಕ್ಸ್ ಕೋನ್ಸ್ಪೆಕ್ತೂ ರೆಮೋತೀಸ್ ಎಕ್ವೀಸ್, ಉತ್ ಐಕ್ವಾತೋ ಒಮ್ನಿಯುಮ್ ಪೆರೀಕುಲೋ ಸ್ಪೆಮ್ ಫುಗೈ ತೊಲ್ಲೆರೆತ್, ಕೊಹೊರ್ತಾತುಸ್ ಸುವೋಸ್ ಪ್ರೊಯ್ಲಿಯುಮ್ ಕೊಮ್ಮೀಸಿತ್. ಮೀಲಿತೇಸ್ ಲೊಕೋ ಸುಪೆರಿಯೋರೆ ಪೀಲೀಸ್ ಮಿಸ್ಸೀಸ್ ಫಕಿಲೆ ಹೊಸ್ತಿಯುಮ್ ಫಲಂಗೆಮ್ ಪೆರ್ಫ್ರೇಗೇರುಂತ್. ಎಯಾ ದಿಸ್ಯೆಕ್ತಾ ಗ್ಲದಿಯೀಸ್ ದೇಸ್ತ್ರಿಕ್ತೀಸ್ ಇನ್ ಎಯೋಸ್ ಇಂಪೆತುಮ್ ಫೇಕೇರುಂತ್.'

ಹೀಗೆ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಅದಕ್ಕೆ ಕಾರಣವಿದೆ. ಕೊನೆಯ ವಾಕ್ಯದ 'ಎಯಾ ದಿಸ್ಯೆಕ್ತಾ' ನೋಡಿ. ಲ್ಯಾಟಿನ್ ಅಚ್ಚಿನಲ್ಲಿ ಸಾಮಾನ್ಯವಾಗಿ ಸ್ವರದ ಉದ್ದ ತೋರಿಸುವುದಿಲ್ಲ. ಹಾಗಾಗಿ ಇದು ಪ್ರಥಮೆಯೋ ಅಬ್ಲೇಟಿವೋ ಕಣ್ಣಿಗೆ ತಿಳಿಯುವುದಿಲ್ಲ. ಹ್ರಸ್ವ 'ದಿಸ್ಯೆಕ್ತ' ಆದರೆ ಕರ್ತೃ, ದೀರ್ಘ 'ದಿಸ್ಯೆಕ್ತಾ' ಆದರೆ ಅಬ್ಲೇಟಿವ್. ಕನ್ನಡದಲ್ಲಿ ಬರೆಯುವಾಗ ದೀರ್ಘ ಹಾಕಬೇಕೋ ಬೇಡವೋ ಎಂದು ನಾನು ತೀರ್ಮಾನ ಮಾಡಲೇಬೇಕು. ಆ ತೀರ್ಮಾನವೇ ಅರ್ಧ ಕೆಲಸ. ಇಲ್ಲಿ ಕ್ರಿಯಾಪದ 'ಫೇಕೇರುಂತ್', ಅವರು ಮಾಡಿದರು, ಬಹುವಚನ. ಏಕವಚನದ 'ದಿಸ್ಯೆಕ್ತ' ಅದಕ್ಕೆ ಕರ್ತೃವಾಗಲಾರದು. ಹಾಗಾಗಿ ದೀರ್ಘವೇ.

ಇನ್ನು ಗುರುತಿಸುವ ಬಗೆ. ಪೆನ್ಸಿಲ್ ಹಿಡಿದು ಮೊದಲು ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ, ಅದರ ಕರ್ತೃವಿಗೆ ಒಂದು ಗೆರೆ ಎಳೆಯುತ್ತೇನೆ. ಆಮೇಲೆ ಅಬ್ಲೇಟಿವ್ ಜೋಡಿಗಳನ್ನು ಹುಡುಕುತ್ತೇನೆ. ಜೋಡಿಗಿಂತ ಮೊದಲು ಎಕ್ಸ್, ಕುಮ್, ಅಬ್ ತರಹದ ಪದವಿದ್ದರೆ ಅದು ಆ ಪದದ ಪಾಲು, ಬಿಟ್ಟುಬಿಡುತ್ತೇನೆ. ಉಳಿದ ಜೋಡಿಯನ್ನು ಕೈಯಿಂದ ಮುಚ್ಚಿ ಓದುತ್ತೇನೆ. ವಾಕ್ಯ ಕುಂಟದೆ ನಿಲ್ಲಬೇಕು. ಕೊನೆಗೆ ಒಂದು ಪ್ರಶ್ನೆ: ಹೊಸ ಸುದ್ದಿ ಇರುವುದು ನಾಮಪದದಲ್ಲೋ ಕೃದಂತದಲ್ಲೋ? 'ಲೊಕೋ ಸುಪೆರಿಯೋರೆ' ಎಂದರೆ ಎತ್ತರದ ಜಾಗದಿಂದ. ಅಲ್ಲಿ ಸುದ್ದಿ ಜಾಗವೇ, 'ಎತ್ತರದ' ಬರೀ ವಿಶೇಷಣ. ಅದು ಅಬ್ಸೊಲ್ಯೂಟ್ ಅಲ್ಲ. 'ರೆಮೋತೀಸ್ ಎಕ್ವೀಸ್'ನಲ್ಲಿ ಸುದ್ದಿ ಕುದುರೆಯಲ್ಲ, ಅವುಗಳನ್ನು ದೂರ ಕಳಿಸಿದ್ದು. ನನ್ನ ತಪ್ಪು ಇದ್ದದ್ದು ಇಲ್ಲೇ. ಕೃದಂತವನ್ನು ವಿಶೇಷಣ ಮಾಡಿ ನಾಮಪದಕ್ಕೆ 'ಇಂದ' ಅಂಟಿಸಿದ್ದೆ.

ಈ ತಪ್ಪು ಎಲ್ಲ ಕಡೆ ಬಯಲಾಗುವುದಿಲ್ಲ ಎಂಬುದೇ ಕಷ್ಟ. 'ಪೀಲೀಸ್ ಮಿಸ್ಸೀಸ್' ಅನ್ನು 'ಎಸೆದ ಭರ್ಜಿಗಳಿಂದ ಸಾಲು ಮುರಿದರು' ಎಂದು ಓದಿದರೂ ಅರ್ಥ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಎಷ್ಟೋ ಪುಟ ನನ್ನ ತಪ್ಪು ಓದು ಸುಮ್ನೆ ಸಾಗಿತ್ತು. ಕುದುರೆ ಬಂದಾಗ ಸಿಕ್ಕಿಬಿದ್ದಿತು.

ಈಗ ಕನ್ನಡದ ಮಾತು. 'ಅವನು ಬಂದು ಊಟ ಮಾಡಿದ' ಎನ್ನುತ್ತೇವೆ. ಬಂದವನೂ ಉಂಡವನೂ ಒಬ್ಬನೇ. ಬೇರೆ ಬೇರೆಯವರಾದರೆ 'ಅವನು ಬಂದ ಮೇಲೆ ನಾವು ಊಟ ಮಾಡಿದೆವು' ಅಥವಾ 'ಅವನು ಬರಲು ನಾವು ಎದ್ದೆವು' ಎನ್ನಬೇಕು. ಕರ್ತೃ ಒಬ್ಬನೋ ಇಬ್ಬರೋ ಎಂಬುದನ್ನು ಕನ್ನಡ ಕ್ರಿಯೆಯ ಕೊನೆಯಲ್ಲೇ ಹೇಳಿಬಿಡುತ್ತದೆ. ಲ್ಯಾಟಿನ್‌ಗೆ ಆ ಅನುಕೂಲವಿಲ್ಲ. 'ಎಸೆದು' ಎನ್ನಲು ಬೇಕಾದ ಕರ್ತರಿ ಭೂತ ಕೃದಂತವೇ ಹೆಚ್ಚಿನ ಧಾತುಗಳಿಗೆ ಇಲ್ಲ. 'ಎಸೆಯಲ್ಪಟ್ಟ' ಮಾತ್ರ ಇದೆ. ಅದಕ್ಕೇ ಸೀಸರ್ 'ಭರ್ಜಿಗಳು ಎಸೆಯಲ್ಪಟ್ಟಿರಲು' ಎಂದು ಸುತ್ತಿ ಬರೆಯುತ್ತಾನೆ. ಎಸೆದವರು ಅದೇ ಸೈನಿಕರು. ನಾವು 'ಭರ್ಜಿ ಎಸೆದು' ಎಂದರೆ ಸಾಕು.

ಇದಕ್ಕೆ ಸಾಕ್ಷಿ ಅದೇ ವಾಕ್ಯದಲ್ಲಿದೆ. 'ಕೊಹೊರ್ತಾತುಸ್', ಹುರಿದುಂಬಿಸಿ. ಇದು ರೂಪದಲ್ಲಿ ಕರ್ಮಣಿ, ಅರ್ಥದಲ್ಲಿ ಕರ್ತರಿ ಆಗಿರುವ ಡಿಪೋನೆಂಟ್ ಧಾತು. ಇದಕ್ಕೆ 'ಹುರಿದುಂಬಿಸಿದವನಾಗಿ' ಎಂಬ ಕೃದಂತ ಇದೆ. ಹಾಗಾಗಿ ಸೀಸರ್ ಇಲ್ಲಿ ಅಬ್ಸೊಲ್ಯೂಟ್ ಬಳಸಲೇ ಇಲ್ಲ. ತನ್ನ ಹೆಸರಿಗೆ ಹೊಂದಿಸಿ ಪ್ರಥಮೆಯಲ್ಲಿ ಇಟ್ಟ. ಕುದುರೆ ಕಳಿಸಿದವನೂ ಅವನೇ, ಹುರಿದುಂಬಿಸಿದವನೂ ಅವನೇ, ಆದರೂ ಲ್ಯಾಟಿನ್‌ನಲ್ಲಿ ಎರಡು ಬೇರೆ ರಚನೆ. ಕನ್ನಡದಲ್ಲಿ ಎರಡೂ 'ಕಳಿಸಿ', 'ಹುರಿದುಂಬಿಸಿ'. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಪ್ರತಿ ಜೋಡಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಮಾಡಿದವರು ಯಾರು? ಮುಖ್ಯ ಕರ್ತೃವೇ ಆದರೆ 'ಇ' ಅಥವಾ 'ದು'. ಬೇರೆಯವರಾದರೆ, ಅಥವಾ ಯಾರೆಂಬುದು ಮುಖ್ಯವಲ್ಲದಿದ್ದರೆ, 'ಮೇಲೆ', 'ಆಗ', 'ಇಂದ', 'ರೂ', 'ರೆ'ಗಳಲ್ಲಿ ಒಂದು. ಮೂರು ವಾಕ್ಯಗಳೂ ಹೀಗಾದವು:

'ಸೀಸರ್ ಮೊದಲು ತನ್ನ ಕುದುರೆಯನ್ನು, ಆಮೇಲೆ ಎಲ್ಲರ ಕುದುರೆಗಳನ್ನೂ ಕಣ್ಣಿಗೆ ಕಾಣದಷ್ಟು ದೂರ ಕಳಿಸಿ, ಅಪಾಯವನ್ನು ಎಲ್ಲರಿಗೂ ಸಮ ಮಾಡಿ ಓಡಿಹೋಗುವ ಆಸೆಯನ್ನೇ ಅಳಿಸಲೆಂದು, ತನ್ನವರನ್ನು ಹುರಿದುಂಬಿಸಿ ಯುದ್ಧ ಶುರುಮಾಡಿದ. ಸೈನಿಕರು ಎತ್ತರದ ಜಾಗದಿಂದ ಭರ್ಜಿ ಎಸೆದು ಶತ್ರುಗಳ ಒತ್ತಾದ ಸಾಲನ್ನು ಸುಲಭವಾಗಿ ಮುರಿದರು. ಅದು ಚದುರಿದ ಮೇಲೆ ಕತ್ತಿ ಹಿರಿದು ಅವರ ಮೇಲೆ ನುಗ್ಗಿದರು.'

'ಐಕ್ವಾತೋ ಪೆರೀಕುಲೋ', ಅಪಾಯವನ್ನು ಸಮ ಮಾಡಿ, ಇರುವುದು 'ಅಳಿಸಲೆಂದು' ಎನ್ನುವ 'ಉತ್' ಉಪವಾಕ್ಯದ ಒಳಗೆ. ಅದು ಆ ಉಪವಾಕ್ಯದ ಕ್ರಿಯೆಗೆ ಸೇರಿದ್ದು, ಯುದ್ಧ ಶುರುಮಾಡಿದ್ದಕ್ಕೆ ಅಲ್ಲ. ಇದನ್ನು ಹೊರಗೆಳೆದು ಬಹಳ ಸಲ ಕೆಡಿಸಿದ್ದೇನೆ. ಇಲ್ಲಿ ಅದು ಕಾಲ ಹೇಳುತ್ತಿಲ್ಲ, ದಾರಿ ಹೇಳುತ್ತಿದೆ: ಸಮ ಮಾಡುವ ಮೂಲಕ.

ಹಾಗಾದರೆ ಕಾಲವೋ ಕಾರಣವೋ 'ಆದರೂ' ಎಂಬ ಅರ್ಥವೋ ಎಂದು ಹೇಗೆ ತಿಳಿಯುವುದು? ಜೋಡಿಯನ್ನು ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ. ಉತ್ತರ ಇರುವುದು ಮುಖ್ಯ ವಾಕ್ಯದಲ್ಲಿ. ಎರಡನೇ ಭಾಗದ 12ನೇ ಅಧ್ಯಾಯದಲ್ಲಿ, ಕ್ರಿ.ಪೂ. 57ರಲ್ಲಿ, ಸೀಸರ್ ನೊವಿಯೋಡುನುಮ್ ಎಂಬ ಕೋಟೆಯೂರಿಗೆ ಬರುತ್ತಾನೆ. ಕಾಯುವವರಿಲ್ಲ ಎಂದು ಕೇಳಿ ದಾರಿಯಲ್ಲೇ ಮುತ್ತಲು ನೋಡುತ್ತಾನೆ. ಕಂದಕ ಅಗಲ, ಗೋಡೆ ಎತ್ತರ. ಕೊನೆಗೆ 'ಪೌಕೀಸ್ ದೇಫೆಂದೆಂತಿಬುಸ್ ಎಕ್ಸ್ಪುಗ್ನಾರೆ ನೋನ್ ಪೊತುಯಿತ್'. ಪೌಕೀಸ್ ಎಂದರೆ ಕೆಲವರು, ದೇಫೆಂದೆಂತಿಬುಸ್ ಎಂದರೆ ಕಾಯುತ್ತಿರಲು. ನಾನು ಮೊದಲು 'ಕೆಲವರು ಕಾಯುತ್ತಿದ್ದುದರಿಂದ ಗೆಲ್ಲಲಾಗಲಿಲ್ಲ' ಎಂದು ಬರೆದೆ. ವ್ಯಾಕರಣ ಒಪ್ಪುತ್ತದೆ, ಮಾತು ಒಪ್ಪುವುದಿಲ್ಲ. ಕಾಯುವವರು ಕಡಿಮೆ ಇದ್ದರೆ ಗೆಲ್ಲುವುದು ಸುಲಭವಾಗಬೇಕಿತ್ತು. ಆಗದ್ದಕ್ಕೆ ಕಾರಣವನ್ನು ಸೀಸರನೇ ಬೇರೆ ಕೊಟ್ಟಿದ್ದಾನೆ, ಕಂದಕ ಮತ್ತು ಗೋಡೆ. ಹಾಗಾಗಿ 'ಕಾಯುವವರು ಕೆಲವೇ ಜನರಿದ್ದರೂ ಹಿಡಿಯಲಾಗಲಿಲ್ಲ'. ಎಷ್ಟೋ ಕಡೆ ಇಂಥ ಜೋಡಿಯ ನಂತರ 'ತಾಮೆನ್', ಆದರೂ, ಎಂಬ ಪದ ಬಂದು ಸುಳಿವು ಕೊಡುತ್ತದೆ. ಇಲ್ಲಿ ಅದೂ ಇಲ್ಲ.

ಮುಖ್ಯ ಕ್ರಿಯೆ ಭವಿಷ್ಯದಲ್ಲಿದ್ದರೆ ನಾನು ಮೊದಲು 'ರೆ' ಹಾಕಿ ನೋಡುತ್ತೇನೆ. 'ತೇ ಅದ್ಯುವಂತೆ ವಿಂಕಮ್', ನೀನು ನೆರವಾದರೆ ಗೆಲ್ಲುತ್ತೇನೆ. ಎರಡು ಅರ್ಥ ಸಮವಾಗಿ ಕೂಡಿದರೆ, ಉದಾಹರಣೆಗೆ ಕಾಲ ಮತ್ತು ಕಾರಣ, ಕನ್ನಡದಲ್ಲೂ ಎರಡನ್ನೂ ತಾಳುವ ರೂಪವನ್ನೇ ಇಡುತ್ತೇನೆ. 'ಅದು ಚದುರಲು' ಎಂದರೆ ಚದುರಿದ ಮೇಲೆ ಎಂದೂ ಆಗುತ್ತದೆ, ಚದುರಿದ್ದರಿಂದ ಎಂದೂ ಆಗುತ್ತದೆ. ಲ್ಯಾಟಿನ್ ಬಿಡಿಸಿ ಹೇಳದ್ದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಾಕ್ಯ ಹೇಳದೆ ಮುಗಿಸಲಾರೆ. ಮೊದಲ ಭಾಗದ 2ನೇ ಅಧ್ಯಾಯದಲ್ಲಿ ಒರ್ಗೆತೊರಿಕ್ಸ್ ಎಂಬ ಹೆಲ್ವೇಶಿಯನ್ ಶ್ರೀಮಂತ ಪಿತೂರಿ ಮಾಡುತ್ತಾನೆ. ಅಲ್ಲಿ 'ರೇಗ್ನೀ ಕುಪಿದಿತಾತೆ ಇಂದುಕ್ತುಸ್' ಎಂದಿದೆ. ಅಬ್ಲೇಟಿವ್ ನಾಮಪದ ಇದೆ, ಪಕ್ಕದಲ್ಲೇ ಕೃದಂತ ಇದೆ. ಆದರೆ 'ಇಂದುಕ್ತುಸ್' ಪ್ರಥಮೆ, ಜೋಡಿ ಕೂಡುವುದಿಲ್ಲ. ಸಿಂಹಾಸನದ ಆಸೆಯಿಂದ ಎಳೆಯಲ್ಪಟ್ಟವನು ಎಂದಷ್ಟೇ ಅರ್ಥ. ಅದಕ್ಕೆ ಸ್ವಲ್ಪ ಮೊದಲೇ ನಿಜವಾದ ಅಬ್ಸೊಲ್ಯೂಟ್ ಇದೆ, ಕೃದಂತವೇ ಇಲ್ಲದ್ದು: 'ಮಾರ್ಕೋ ಮೆಸ್ಸಾಲಾ ಮಾರ್ಕೋ ಪೀಸೋನೆ ಕೋನ್ಸುಲಿಬುಸ್'. ಲ್ಯಾಟಿನ್‌ನಲ್ಲಿ 'ಇರುವ' ಎಂಬುದಕ್ಕೆ ಕೃದಂತ ಬಳಕೆಯಲ್ಲಿಲ್ಲ. ಎರಡು ನಾಮಪದ ಪಕ್ಕಪಕ್ಕ ಇಟ್ಟರೆ 'ಇರಲು' ಎಂದು ನಾವೇ ತುಂಬಿಕೊಳ್ಳಬೇಕು. ಮೆಸ್ಸಾಲ ಮತ್ತು ಪೀಸೋ ಆ ವರ್ಷದ ಇಬ್ಬರು ಮುಖ್ಯ ಅಧಿಕಾರಿಗಳಾದ ಕಾನ್ಸಲ್‌ಗಳಾಗಿರಲು, ಅಂದರೆ ಕ್ರಿ.ಪೂ. 61ರಲ್ಲಿ. ರೋಮಿನವರು ವರ್ಷವನ್ನು ಹೇಳುತ್ತಿದ್ದದ್ದೇ ಹೀಗೆ.

ನಮ್ಮ ಹಳಗನ್ನಡ ಶಾಸನಗಳಲ್ಲಿ ರಾಜನ ಹೆಸರಾದ ಮೇಲೆ 'ರಾಜ್ಯಂಗೆಯ್ಯುತ್ತಮಿರೆ' ಎಂದು ಬರುತ್ತದೆ. ರಾಜ ಆಳುತ್ತಿರಲು, ಇನ್ನಾರೋ ದಾನ ಕೊಟ್ಟರು. ಕರ್ತೃ ಬೇರೆ, ಅದಕ್ಕೇ ಅಲ್ಲಿ 'ಇರ್ದು' ಇಲ್ಲ, 'ಇರೆ' ಇದೆ. ನನ್ನ ನೋಟ್‌ಬುಕ್‌ನಲ್ಲಿ ಈಗ 'ಕೋನ್ಸುಲಿಬುಸ್' ಸಿಕ್ಕಾಗಲೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದೇ ಪದ ಬರೆಯುತ್ತೇನೆ: ಇರೆ.