‘ಇದಿರ ಹಳಿಯಲು ಬೇಡ’: ಇಲ್ಲಿ ಇದಿರು ಅಂದರೆ ಏನು?

ಬಸವಣ್ಣನವರ ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಸಾಲು ಎಲ್ಲರಿಗೂ ಬಾಯಿಪಾಠ. ಆದರೆ ಅದನ್ನು ‘ಮುಖದೆದುರು ಬೈಯಬೇಡ’ ಎಂದು ತಿಳಿದವರು ಜಾಸ್ತಿ. ನಾನೂ ಬಹಳ ದಿನ ಹಾಗೇ ಓದಿದ್ದೆ.

ಹಳೆಯ ಪದ್ಯದಲ್ಲಿ ಪದ ತೊಡಕಾದರೆ ಮೊದಲು ಅದರ ಜೋಡಿ ಹುಡುಕಿ. ಇಲ್ಲಿ ‘ತನ್ನ’ ಎಂಬುದಕ್ಕೆ ಜೋಡಿ ‘ಇದಿರ’. ಅಂದರೆ ತಾನಲ್ಲದವರು, ಇತರರು. ಆಮೇಲೆ ಪದದ ರೂಪ ನೋಡಿ. ‘ಎದುರಿಗೆ’ ಎನ್ನುವುದಾದರೆ ‘ಇದಿರಲ್ಲಿ’ ಎಂದಿರಬೇಕಿತ್ತು, ಅಲ್ವಾ? ‘ಇದಿರ’ ಎಂದರೆ ಇತರರನ್ನು. ‘ತನ್ನ’ ಅಂದರೂ ಹಾಗೇ, ತನ್ನನ್ನು.

ಇನ್ನು ‘ಬಣ್ಣಿಸು’. ಸಂಸ್ಕೃತದ ‘ವರ್ಣ’ ಕನ್ನಡದಲ್ಲಿ ‘ಬಣ್ಣ’ ಆಯಿತು, ‘ವನ’ ‘ಬನ’ ಆದ ಹಾಗೆ. ಆದರೆ ಮೂಲ ಒಂದನ್ನೇ ನಂಬಿದರೆ ‘ಬಣ್ಣ ಹಚ್ಚಬೇಡ’ ಎಂದಾಗುತ್ತದೆ. ಇಂದಿನ ‘ವಿವರಿಸು’ ಕೂಡ ಇಲ್ಲಿ ಸಪ್ಪೆ. ಪಕ್ಕದ ‘ಹಳಿ’ ಎಂದರೆ ನಿಂದಿಸು. ಅದಕ್ಕೆ ಎದುರು ನಿಲ್ಲುವುದು ‘ಹೊಗಳು’. ತನ್ನನ್ನು ಹೊಗಳಿಕೊಳ್ಳಬೇಡ, ಇತರರನ್ನು ನಿಂದಿಸಬೇಡ.

ಹಿಂದಿನ ಸಾಲಿನ ‘ಅನ್ಯರಿಗೆ ಅಸಹ್ಯಪಡಬೇಡ’ವನ್ನೂ ಹೀಗೇ ಬಿಡಿಸಿ ನೋಡಿ. ‘ಸಹ್ಯ’ ಅಂದರೆ ಸಹಿಸಬಹುದಾದದ್ದು. ಹಾಗಾಗಿ ಅಲ್ಲಿರುವುದು ಇಂದಿನ ಹೇಸಿಗೆ ಅಲ್ಲ, ಇತರರನ್ನು ಸಹಿಸಲಾರದ ಮನಸ್ಸು.